0.999… ಒಂದಕ್ಕೆ ಸಮ: ನಿನ್ನ ಅನುಮಾನ ಸರಿ, ತೀರ್ಮಾನ ಸರಿಯಲ್ಲ

ಮಾನ್ಯ ಸಂಪಾದಕರೇ,

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಿಮ್ಮ ಪತ್ರಿಕೆಗೆ ಬರೆದಿದ್ದ ಪತ್ರ ಓದಿದೆ. 0.999… ಅಂದರೆ ಸರಿಯಾಗಿ 1 ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಾರೆ, ಅವಳಿಗೆ ಒಪ್ಪಿಗೆಯಾಗಿಲ್ಲ. ಎಷ್ಟು ಒಂಬತ್ತು ಬರೆದರೂ ಒಂಚೂರು ಕಡಿಮೆ ಇದ್ದೇ ಇರುತ್ತದಲ್ಲ, ಮತ್ತೆ ಸಮ ಹೇಗೆ ಅನ್ನೋದು ಅವಳ ಪ್ರಶ್ನೆ. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಎನ್‌ಸಿಇಆರ್‌ಟಿ ಪುಸ್ತಕದ ಅಭ್ಯಾಸದಲ್ಲೇ 0.99999… ಅನ್ನು p/q ರೂಪದಲ್ಲಿ ಬರೆಯಿರಿ, ಉತ್ತರ ನೋಡಿ ಆಶ್ಚರ್ಯವಾಯಿತೇ ಅಂತ ಕೇಳುತ್ತಿದ್ದರು. ಆಶ್ಚರ್ಯ ಎಲ್ಲರಿಗೂ ಆಗುತ್ತದೆ, ಯಾಕೆ ಸರಿ ಅನ್ನೋದಕ್ಕೆ ಮಾತ್ರ ಪೀರಿಯಡ್ಡಿನಲ್ಲಿ ಟೈಮ್ ಸಿಗೋದಿಲ್ಲ. ಹಾಗಾಗಿ ಉತ್ತರವನ್ನು ನೇರವಾಗಿ ಅವಳಿಗೇ ಬರೆಯುತ್ತಿದ್ದೇನೆ. ಜಾಗ ಇದ್ದರೆ ಹಾಕಿ.

ನೋಡಮ್ಮ, ನಿನಗೆ ಬೋರ್ಡಿನ ಮೇಲೆ ತೋರಿಸಿದ್ದು ಇದೇ ಇರಬೇಕು:

x = 0.999…
10x = 9.999…
10x − x = 9
9x = 9, ಆದ್ದರಿಂದ x = 1

ಇದು ಕಣ್ಕಟ್ಟಿನ ಹಾಗಿದೆ ಅಂತ ನೀನು ಬರೆದಿದ್ದೀಯ. ಆ ಅನುಮಾನ ಸುಮ್ನೆ ಬಂದಿದ್ದಲ್ಲ. ಇದೇ ಉಪಾಯವನ್ನು ಒಂಬತ್ತುಗಳನ್ನು ಬಲಕ್ಕೆ ಬದಲು ಎಡಕ್ಕೆ ಬರೆದು ಮಾಡಿ ನೋಡು. x = …999, ಅಂದರೆ ಎಡಗಡೆ ಕೊನೆಯೇ ಇಲ್ಲದ ಒಂಬತ್ತುಗಳು. ಹತ್ತರಿಂದ ಗುಣಿಸಿದರೆ 10x = …9990. ಈಗ x − 10x ಮಾಡು, ಬಿಡಿ ಸ್ಥಾನದಲ್ಲಿ 9 ಉಳಿಯುತ್ತದೆ, ಮಿಕ್ಕಿದ್ದೆಲ್ಲ ಹೊಡೆದು ಹೋಗುತ್ತದೆ. −9x = 9, ಅಂದರೆ x = −1. ಬರೀ ಒಂಬತ್ತುಗಳಿರೋ ಅಷ್ಟು ದೊಡ್ಡ ಸಂಖ್ಯೆ ಮೈನಸ್ ಒಂದು! ಹೆಜ್ಜೆಗಳು ಅವೇ, ಉತ್ತರ ಮಾತ್ರ ನಗೆಪಾಟಲು. ಯಾಕೆ ಹೀಗಾಯಿತು ಅಂದರೆ, x ಅನ್ನೋದು ನಿಜವಾಗಿ ಒಂದು ಸಂಖ್ಯೆ ಹೌದೋ ಅಲ್ಲವೋ ಅಂತ ನೋಡದೆ ನಾವು ಅದನ್ನು ಗುಣಿಸೋಕೆ, ಕಳೆಯೋಕೆ ಶುರು ಮಾಡಿಬಿಟ್ಟೆವು. ನಾವು ಶಾಲೆಯಲ್ಲಿ ಬಳಸುವ ಸಂಖ್ಯೆಗಳಲ್ಲಿ …999 ಅನ್ನೋದು ಇಲ್ಲವೇ ಇಲ್ಲ. ಹಾಗಾದರೆ 0.999… ಇದೆಯಾ? ಮೊದಲು ಕೇಳಬೇಕಾದ್ದು ಇದನ್ನೇ, ಆ ನಾಲ್ಕು ಸಾಲು ಆಮೇಲೆ.

ಒಂದು ಪಟ್ಟಿ ಬರೆದುಕೋ: 0.9, 0.99, 0.999, 0.9999, ಹೀಗೆ ಮುಂದಕ್ಕೆ. ಇದರಲ್ಲಿರೋ ಪ್ರತಿಯೊಂದೂ 1ಕ್ಕಿಂತ ಕಡಿಮೆ. ಮೊದಲನೆಯದಕ್ಕೆ 0.1 ಕೊರತೆ, ಎರಡನೆಯದಕ್ಕೆ 0.01, ಮೂರನೆಯದಕ್ಕೆ 0.001. ಪಟ್ಟಿಯಲ್ಲಿ ಎಷ್ಟೇ ದೂರ ಹೋದರೂ 1 ಸಿಗೋದಿಲ್ಲ. ಇಲ್ಲಿವರೆಗೆ ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಎಂಟು ಅಂಕಿಯ ಸಾದಾ ಕ್ಯಾಲ್ಕುಲೇಟರ್‌ನಲ್ಲಿ 1ನ್ನು 3ರಿಂದ ಭಾಗಿಸಿ ಮತ್ತೆ 3ರಿಂದ ಗುಣಿಸಿದರೆ ಎಷ್ಟೋ ಸಲ 0.9999999 ಬರುತ್ತದೆ, ಅಲ್ವಾ? ಅದು ಖಂಡಿತ 1 ಅಲ್ಲ. ಅದರಲ್ಲಿ ಏಳೇ ಒಂಬತ್ತು ಇವೆ, ಅದು ನಮ್ಮ ಪಟ್ಟಿಯ ಏಳನೇ ಸಾಲು.

ಆದರೆ ಮೂರು ಚುಕ್ಕೆ ಹಾಕಿದ 0.999… ಈ ಪಟ್ಟಿಯ ಯಾವ ಸಾಲಿನಲ್ಲೂ ಇಲ್ಲ. ನೀನು ಅದನ್ನು ಇನ್ನೂ ಓಡುತ್ತಾ ಇರೋ ಸಂಖ್ಯೆ, ಒಂದೊಂದೇ ಒಂಬತ್ತು ಸೇರಿಸಿಕೊಂಡು 1ರ ಕಡೆ ಹೋಗುತ್ತಾ ಇರೋದು ಅಂತ ಅಂದುಕೊಂಡಿದ್ದೀಯ. ಸಂಖ್ಯೆ ಎಲ್ಲಿಗೂ ಓಡೋದಿಲ್ಲ, ಅದು ಇದ್ದಲ್ಲೇ ಇರುತ್ತದೆ. ಓಡುವುದು ಪಟ್ಟಿ. ಚುಕ್ಕೆಗಳ ಅರ್ಥ ಇಷ್ಟು: ಪಟ್ಟಿಯ ಯಾವ ಸಾಲೂ ದಾಟಲಾಗದಂಥ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ, ಅದರ ಹೆಸರು 0.999…

ಆ ಚಿಕ್ಕದು ಯಾವುದು ಅಂತ ಈಗ ಹುಡುಕೋಣ. 1 ಆಗಬಹುದು, ಯಾವ ಸಾಲೂ 1ನ್ನು ದಾಟೋದಿಲ್ಲ. 1ಕ್ಕಿಂತ ಚಿಕ್ಕದು ಯಾವುದಾದರೂ ಆಗುತ್ತಾ? ನೀನೇ ಒಂದು ಹೇಳು. 1ಕ್ಕಿಂತ ಕೋಟಿಯಲ್ಲಿ ಒಂದು ಪಾಲು ಕಡಿಮೆ, ಅಂದರೆ 0.9999999 ಅಂತ ಹೇಳಿದೆ ಅಂದುಕೋ. ಎಂಟು ಒಂಬತ್ತಿರೋ ಸಾಲು ಅದನ್ನು ದಾಟಿಬಿಡುತ್ತದೆ. ಇನ್ನೂ ಹತ್ತಿರದ್ದು ಹೇಳಿದರೆ ಇನ್ನೂ ಮುಂದಿನ ಸಾಲು ದಾಟುತ್ತದೆ. ನೀನು ಕೊರತೆ ಎಷ್ಟೇ ಸಣ್ಣದು ಹೇಳು, ಅದು ಸೊನ್ನೆ ಅಲ್ಲದಿದ್ದರೆ ಸಾಕು, ಹತ್ತರಿಂದ ಮತ್ತೆ ಮತ್ತೆ ಭಾಗಿಸುತ್ತಾ ಹೋದರೆ 1/10, 1/100, 1/1000 ಯಾವಾಗಲೋ ಒಮ್ಮೆ ಅದಕ್ಕಿಂತ ಸಣ್ಣದಾಗಲೇಬೇಕು. ಹಾಗಾಗಿ 1ಕ್ಕಿಂತ ಚಿಕ್ಕ ಅಭ್ಯರ್ಥಿಗಳೆಲ್ಲ ಔಟ್. ಉಳಿಯೋದು 1 ಒಂದೇ. ಹತ್ತಿರ ಹತ್ತಿರ ಅಲ್ಲ, ಅಂದಾಜೂ ಅಲ್ಲ, 1 ಅಷ್ಟೇ.

ನಿನ್ನ ಪತ್ರದಲ್ಲಿ ಇನ್ನೊಂದು ಮಾತಿತ್ತು, ಎರಡರ ಮಧ್ಯದ ಅಂತರ 0.000…1 ಅಂತ. ಇದನ್ನು ಬಹಳ ಮಕ್ಕಳು ಹೇಳುತ್ತಾರೆ. ಆ 1 ಎಷ್ಟನೇ ಸ್ಥಾನದಲ್ಲಿದೆ ಹೇಳು? ದಶಮಾಂಶದಲ್ಲಿ ಪ್ರತಿ ಅಂಕಿಗೂ ಒಂದು ಸ್ಥಾನ ಇರುತ್ತದೆ: ಮೊದಲನೆಯದು, ಎರಡನೆಯದು, ಸಾವಿರದನೆಯದು. ಸಾವಿರದನೇ ಸ್ಥಾನದಲ್ಲಿದೆ ಅಂದರೆ, ಒಂಬತ್ತುಗಳು ಸಾವಿರಕ್ಕೇ ನಿಂತವು ಅಂತ ಒಪ್ಪಿಕೊಂಡ ಹಾಗಾಯಿತು. ಎಲ್ಲಾ ಸೊನ್ನೆಗಳೂ ಮುಗಿದ ಮೇಲೆ ಅಂತೀಯಾ? ಮುಗಿಯೋದಿಲ್ಲ ಅಂತ ತಾನೇ ಚುಕ್ಕೆ ಹಾಕಿದ್ದು.

ಈಗ ಒಂದು ಸ್ವಲ್ಪ ಹಟಮಾರಿ ಭಾಗಾಕಾರ ಮಾಡು. 1ನ್ನು 3ರಿಂದ ಭಾಗಿಸುವಾಗ ಏನು ಮಾಡುತ್ತೀಯ? 1ರಲ್ಲಿ 3 ಹೋಗೋದಿಲ್ಲ, 0 ಬರೆದು ಬಿಂದು ಹಾಕಿ, 1ನ್ನು 10 ಮಾಡುತ್ತೀಯ. ಮೂರ್ಮೂರ್ಲಿ ಒಂಬತ್ತು, ಶೇಷ 1. ಮತ್ತೆ 10, ಮತ್ತೆ 3, ಮತ್ತೆ ಶೇಷ 1. ಭಾಗಲಬ್ಧ 0.333… ಅದೇ ಥರ 1ನ್ನು 1ರಿಂದಲೇ ಭಾಗಿಸು, ಆದರೆ ಮೊದಲ ಹೆಜ್ಜೆಯಲ್ಲಿ 1 ಬರೆಯದೆ ಬೇಕಂತಲೇ 0 ಬರೆದುಬಿಡು. ಉಳಿದ 1ನ್ನು 10 ಮಾಡು. ಹತ್ತು ಸಲ ಹೋಗುತ್ತದೆ, ಆದರೆ ಒಂದು ಸ್ಥಾನದಲ್ಲಿ 9ಕ್ಕಿಂತ ಜಾಸ್ತಿ ಬರೆಯೋ ಹಾಗಿಲ್ಲ, ಅದಕ್ಕೆ 9 ಬರೆ. ಶೇಷ 1. ಮತ್ತೆ 10, ಮತ್ತೆ 9, ಮತ್ತೆ ಶೇಷ 1. ಭಾಗಲಬ್ಧ 0.999… ಪ್ರತಿ ಹೆಜ್ಜೆಗೂ ಶೇಷ ಉಳಿಯುತ್ತಿದೆಯಲ್ಲ ಅಂತ ನೀನು ಹಿಡಿದು ಕೇಳಬಹುದು. ಕೇಳು. 3ರ ಭಾಗಾಕಾರದಲ್ಲೂ ಪ್ರತಿ ಹೆಜ್ಜೆಗೆ ಅದೇ 1 ಉಳಿದಿತ್ತು, ಆಗ 0.333… ಸರಿಯಾಗಿ 1/3 ಅಂತ ತಕರಾರಿಲ್ಲದೆ ಒಪ್ಪಿಕೊಂಡೆ. ಅಲ್ಲಿ ಒಪ್ಪಿದರೆ ಇಲ್ಲೂ ಒಪ್ಪಬೇಕು. ಇಲ್ಲಿ ಒಪ್ಪೋದಿಲ್ಲ ಅಂದರೆ 1/3ನ್ನೂ ಬಿಡಬೇಕು.

ಒಂದೇ ಸಂಖ್ಯೆಯನ್ನು ಎರಡು ಥರ ಬರೆಯಬಹುದು ಅನ್ನೋದು ಕಿರಿಕಿರಿ ಅನ್ನಿಸಬಹುದು. 1/2, 2/4 ಅಂತ ಬರೆಯುವಾಗ ಅನ್ನಿಸೋದಿಲ್ಲ, ದಶಮಾಂಶದಲ್ಲಿ ಮಾತ್ರ ಅನ್ನಿಸುತ್ತದೆ, ಅದು ಅಭ್ಯಾಸಬಲ. ಇಂಥ ಜೋಡಿ ರೂಪ ಇರೋದು ಸೊನ್ನೆ ಬಿಟ್ಟು, ಒಂದು ಕಡೆ ಮುಗಿಯುವ ದಶಮಾಂಶಗಳಿಗೆ ಮಾತ್ರ: 2.5ಕ್ಕೆ 2.4999…, 0.73ಕ್ಕೆ 0.72999… 1/3ಕ್ಕೆ ಇರೋದು ಒಂದೇ ರೂಪ. ಕ್ಲಾಸಿನಲ್ಲಿ ಗಲಾಟೆ ಎಬ್ಬಿಸಬೇಕು ಅನ್ನಿಸಿದರೆ ಒಂದು ಪ್ರಶ್ನೆ ಕೊಡುತ್ತೇನೆ. 0.4999… ಅನ್ನು ಹತ್ತಿರದ ಪೂರ್ಣಸಂಖ್ಯೆಗೆ ರೌಂಡ್ ಮಾಡಿ ಅಂತ ಕೇಳು. ಬಿಂದುವಿನ ಮುಂದೆ 4 ಇದೆ ಅಂತ ಎಲ್ಲರೂ 0 ಅಂತಾರೆ. ಅದು 0.5, ಅರ್ಧ ಬಂದರೆ ಮೇಲಕ್ಕೆ ಅನ್ನೋ ಶಾಲೆಯ ನಿಯಮದ ಪ್ರಕಾರ ಉತ್ತರ 1.

ಇಂತಿ,
ಒಬ್ಬ ಗಣಿತ ಮೇಷ್ಟ್ರು, ತುಮಕೂರು