ನಾನು ಬರೆದ ಚೀಟಿ ಎಲ್ಲಿದೆ?

ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ, ನಮಸ್ಕಾರ.

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿಮ್ಮ ಹಾಡು ಕೇಳಿದೆ. ಹಾಗಾಗಿ ಈ ಪತ್ರ.

ನಾನು ಶಿರಸಿ ಕಡೆಯ ಒಂದು ಹಳ್ಳಿಯ ಎಂಬಿಬಿಎಸ್ ಡಾಕ್ಟರ್. ಅಕ್ಟೋಬರ್ ಮೊದಲ ವಾರ ಒಬ್ಬ ಕೊನೆಗೌಡರನ್ನು ನಿಮ್ಮ ಶ್ವಾಸಕೋಶ ತಜ್ಞರ ಹತ್ತಿರ ಕಳಿಸಿದ್ದೆ. 46 ವರ್ಷ, ಅಡಿಕೆ ಮರ ಹತ್ತುವ ಕೆಲಸ, ಇಪ್ಪತ್ತು ವರ್ಷದ ಬೀಡಿ. ನಾಲ್ಕು ತಿಂಗಳಿಂದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ. ಜೂನ್‌ನಲ್ಲಿ ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಹೊತ್ತಿಗೆ ನನ್ನ ತಕ್ಕಡಿಯಲ್ಲಿ 57 ಕಿಲೋ ಇದ್ದವರು ಅಕ್ಟೋಬರ್‌ಗೆ 48 ಆಗಿದ್ದರು. ಇದನ್ನೆಲ್ಲ ಒಂದು ಪುಟದ ಚೀಟಿಯಲ್ಲಿ ಬರೆದು, ಎಕ್ಸ್-ರೇ ಕವರಿಗೆ ಪಿನ್ ಹೊಡೆದು ಕೊಟ್ಟಿದ್ದೆ. ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ನೆರಳಿದೆ ಎಂದೂ ಬರೆದಿದ್ದೆ.

ಕಫ ಪರೀಕ್ಷೆ ಎರಡು ಸಲ ನೆಗೆಟಿವ್ ಬಂದಿತ್ತು. ಆದರೆ ಅವರಿಗೆ ಆಗ ಒಣಕೆಮ್ಮು. ಡಬ್ಬಿಯಲ್ಲಿ ಬಂದದ್ದು ಕಫ ಅಲ್ಲ, ಜೊಲ್ಲು. ಕಫವೇ ಸಿಕ್ಕಿದ್ದರೂ, ಒಂದು ಎಂಎಲ್‌ನಲ್ಲಿ ಸಾವಿರಗಟ್ಟಲೆ ಕ್ಷಯದ ಕ್ರಿಮಿ ಇಲ್ಲದಿದ್ದರೆ ಸೂಕ್ಷ್ಮದರ್ಶಕಕ್ಕೆ ಅದು ಕಾಣುವುದಿಲ್ಲ. ಅದಕ್ಕೇ ಬ್ರಾಂಕೋಸ್ಕೋಪಿ ಮಾಡಿ ಒಳಗಿನ ದ್ರವ ತೆಗೆದು ಕ್ಷಯದ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿ ಅಂದಿದ್ದು. ಬೀಡಿ ಸೇದುವವರು, ಕ್ಯಾನ್ಸರ್ ಅಲ್ಲ ಅಂತಲೂ ಖಾತ್ರಿಯಾಗಬೇಕಿತ್ತು.

ಕೊನೆಗೆ ಒಂದು ಸಾಲು ಬರೆದು ಎರಡು ಗೆರೆ ಎಳೆದಿದ್ದೆ: 'ಬೇರೆ ಎರಡು ಆಂಟಿಬಯಾಟಿಕ್ ಕೊಟ್ಟಾಗಿದೆ, ಗುಣವಿಲ್ಲ. ಲಿವೊಫ್ಲಾಕ್ಸಸಿನ್ ಬೇಕೆಂದೇ ಕೊಟ್ಟಿಲ್ಲ. ಪರೀಕ್ಷೆ ಮುಗಿಯುವವರೆಗೆ ದಯವಿಟ್ಟು ನೀವೂ ಕೊಡಬೇಡಿ.'

ನಿಮ್ಮಲ್ಲಿ ಕೊಟ್ಟದ್ದು? ಲಿವೊಫ್ಲಾಕ್ಸಸಿನ್ 500, ಹತ್ತು ದಿನ. ಜೊತೆಗೆ ಕೆಮ್ಮಿನ ಸಿರಪ್. ಕಾಯಿಲೆಯ ಹೆಸರು 'ಅಲರ್ಜಿ ಕೆಮ್ಮು'. ತಜ್ಞರು ಅಂದು ರಜೆಯಂತೆ, ಡ್ಯೂಟಿ ಡಾಕ್ಟರ್ ನೋಡಿದ್ದು. ಇಸಿಜಿ ತೆಗೆದಿದ್ದೀರಿ. ಕೈಯಲ್ಲೇ ಇದ್ದ ಎಕ್ಸ್-ರೇ ಕವರು ಮಾತ್ರ ಬಿಚ್ಚಿಲ್ಲ. 'ಚೀಟಿ ಕೊಟ್ಟೆ ಡಾಕ್ಟ್ರೇ, ಕೌಂಟರ್‌ನವ್ರು ಪಿನ್ ಕಿತ್ತು ಇಟ್ಕೊಂಡ್ರು' ಅಂದರು ಅವರು.

ಆ ಮಾತ್ರೆ ಕ್ಷಯದ ಕ್ರಿಮಿಯನ್ನೂ ಅರ್ಧಂಬರ್ಧ ಹೊಡೆಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕೆಮ್ಮು ತಗ್ಗಿತು. ರೋಗಿಗೆ ಖುಷಿ, ಮತ್ತೆ ಮರ ಹತ್ತಿದರು. ತೂಕ ಮಾತ್ರ ಇಳಿಯುತ್ತಲೇ ಹೋಯಿತು. ಐದು ವಾರದ ಮೇಲೆ ಕಫದಲ್ಲಿ ರಕ್ತ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಬಿನ್ಯಾಟ್ ಪಾಸಿಟಿವ್. ಒಂದು ರೂಪಾಯಿಯೂ ತಗೊಳ್ಳಲಿಲ್ಲ ಅವರು. ಈಗ ಆರು ತಿಂಗಳ ಮಾತ್ರೆ ಶುರುವಾಗಿದೆ. ಆ ಐದು ವಾರ ಒಂದೇ ಕೋಣೆಯಲ್ಲಿ ಮಲಗಿದ ಹೆಂಡತಿ, ಎರಡು ಮಕ್ಕಳಿಗೂ ಪರೀಕ್ಷೆ ನಡೆದಿದೆ.

ಕಳೆದ ಸೋಮವಾರ ನಾನೇ ಬಂದೆ. ಶಾಂತವಾಗಿ ಮಾತಾಡಬೇಕು ಅಂದುಕೊಂಡೇ ಬಂದಿದ್ದೆ. ಕೌಂಟರ್‌ನಲ್ಲಿ 'ನನ್ನ ರೆಫರಲ್ ವಿಷಯ' ಅಂದೆ. ಆ ಹುಡುಗಿ ತಲೆ ಎತ್ತದೆ 'ಟೋಕನ್ ತಗೊಳ್ಳಿ ಸರ್' ಅಂದರು. ತಗೊಂಡೆ, 61. ನಲವತ್ತು ನಿಮಿಷ ನೀರಿನ ಕ್ಯಾನಿನ ಪಕ್ಕ ನಿಂತೆ. ನನ್ನ ಸರದಿ ಬಂದಾಗ 'ಪೇಷಂಟ್ ಎಲ್ಲಿ?' ಅಂದರು. ಪೇಷಂಟ್ ಇಲ್ಲ, ನಾನು ಡಾಕ್ಟರ್ ಅಂದೆ. 'ಓ, ರೆಫರಲ್ಲಾ!' ಅಂತ ನಕ್ಕು, ದನಿ ತಗ್ಗಿಸದೆ, 'ಕಮಿಷನ್ ಇಲ್ಲಿ ಕೊಡಲ್ಲ ಸರ್, ಎರಡನೇ ಮಹಡಿ, ಮಾರ್ಕೆಟಿಂಗ್. ಈ ತಿಂಗಳದ್ದು ಹತ್ತನೇ ತಾರೀಕಿನ ಮೇಲೆ' ಅಂದರು. ಹಿಂದಿದ್ದವರೆಲ್ಲ ನನ್ನನ್ನೇ ನೋಡಿದರು. ಅವರಲ್ಲಿ ಒಬ್ಬರು ನಮ್ಮೂರ ಸೊಸೈಟಿಯ ಗುಮಾಸ್ತರು. ಇಷ್ಟೊತ್ತಿಗೆ ಊರಿಗೆಲ್ಲ ಸುದ್ದಿ ಮುಟ್ಟಿರುತ್ತದೆ.

ಆ ಹುಡುಗಿಯ ತಪ್ಪಲ್ಲ ಬಿಡಿ. ಅವರಿಗೆ ಕಲಿಸಿದ್ದೇ ಅಷ್ಟು. ರೋಗಿಯ ಫೈಲು ತೆಗೆಸಿ ನೋಡಿದೆ. 'ಕಳಿಸಿದ ಡಾಕ್ಟರ್' ಜಾಗದಲ್ಲಿ ನನ್ನ ಹೆಸರು, ಮೊಬೈಲ್ ನಂಬರು ಒಂದಕ್ಷರ ತಪ್ಪಿಲ್ಲದೆ ಇದೆ. ಚೀಟಿ ಇಲ್ಲ. ಅಂದರೆ ಚೀಟಿಯಿಂದ ಬೇಕಾದದ್ದನ್ನು ನೀವು ಓದಿದ್ದೀರಿ! ರೆಫರಲ್‌ಗೆ ಕಮಿಷನ್ ಕೊಡುವುದು, ತಗೊಳ್ಳುವುದು ವೈದ್ಯ ಪರಿಷತ್ತಿನ 2002ರ ನಿಯಮದಲ್ಲಿ ತಪ್ಪು. ಎರಡನೇ ಮಹಡಿಗೂ ಗೊತ್ತಿರಬೇಕಲ್ವಾ?

ಅದೇ ನಿಯಮದಲ್ಲಿ, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತಲೂ ಇದೆ. ಅವರ ಸಹಿ ಇರುವ ಅರ್ಜಿ ಇದರ ಜೊತೆಗಿದೆ. ಪೂರ್ತಿ ಫೈಲು ಕೊಡಿ. ನನ್ನ ಚೀಟಿಯೂ ಇರಲಿ. ಇಲ್ಲದಿದ್ದರೆ 'ಕಳೆದುಹೋಗಿದೆ' ಅಂತ ಬರೆದು ಸೀಲು ಹಾಕಿ ಕೊಡಿ. ಚೀಟಿಯ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ. ನಾಲ್ಕನೇ ದಿನ ಅದು ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಹೋಗುತ್ತದೆ.

ಬಿಲ್ಲಿನ ದುಡ್ಡು ವಾಪಸ್ ಕೊಡುತ್ತೀರೋ ಇಲ್ಲವೋ, ನೀವೂ ಅವರೂ ನೋಡಿಕೊಳ್ಳಿ. ನನ್ನ ಹೆಸರನ್ನು ಮಾತ್ರ ಆ ಮಾರ್ಕೆಟಿಂಗ್ ಪಟ್ಟಿಯಿಂದ ಇವತ್ತೇ ತೆಗೆಯಿರಿ. ಇನ್ನೊಂದು ಬಿಲ್ಲಿನ ಮೇಲೆ ಅದು ಕಂಡರೆ ನಾನು ಮತ್ತೆ ಬರುತ್ತೇನೆ. ಆಗ ಟೋಕನ್ ತಗೊಳ್ಳುವುದಿಲ್ಲ.

ಇಂತಿ,
ಚೀಟಿ ಬರೆದ ಡಾಕ್ಟರ್