ಮಾತಿನ ನಡುವಿನ ಜಾಗ: ಮಗಳಿಗೊಂದು ಪತ್ರ

ಕಲಬುರಗಿ

ಮಗಳೇ,

ನೀನು ಕಳಿಸಿದ ಕಥೆ ಓದಿದೆ. ಅಕ್ಕ ತಂಗಿ ಕೂತು ತೊಗರಿ ಬೇಳೆ ಹಸನು ಮಾಡುತ್ತಾ ಹೊಲದ ಮಾತು ತೆಗೆಯುವ ಆ ಪುಟದಲ್ಲೇ ನಾನು ನಿಂತುಬಿಟ್ಟೆ. ಕಥೆಯ ಜೀವ ಅಲ್ಲಿದೆ. ಆದರೆ ಓದುವಾಗ ಅದು ಕೈಗೆ ಸಿಗುವುದಿಲ್ಲ. ಉಳಿದದ್ದನ್ನು ಫೋನಿನಲ್ಲಿ ಮಾತಾಡೋಣ, ಈ ಪುಟದ ಬಗ್ಗೆ ಮಾತ್ರ ಬರೆದೇ ಹೇಳಬೇಕು.

ನೀನು ಬರೆದದ್ದು ಹೀಗಿದೆ:

“ಅಣ್ಣ ಕಾಗದ ಕಳಿಸ್ಯಾನ,” ಎಂದು ಶಾಂತಾ ತಿಳಿಸಿದಳು.
“ಯಾವ ಕಾಗದ?” ಎಂದು ಕಸ್ತೂರಿ ಪ್ರಶ್ನಿಸಿದಳು.
“ಹೊಲದ್ದು. ನಮ್ಮಿಬ್ಬರ ಸಹಿ ಬೇಕಂತ,” ಎಂದು ಶಾಂತಾ ಉತ್ತರಿಸಿದಳು. ಕಸ್ತೂರಿ ತಲೆ ತಗ್ಗಿಸಿದಳು. ಅಲ್ಲಿ ಗಾಢ ಮೌನ ಆವರಿಸಿತು.
“ನೀ ಮಾಡಿದೇನು?” ಎಂದು ನೋವಿನಿಂದ ಉಸುರಿದಳು.

ಮೊದಲು, ಮಾತು ಯಾರದು ಅನ್ನುವ ವಿಷಯ. ಕನ್ನಡದಲ್ಲಿ ಕ್ರಿಯಾಪದವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಗಂಡ ಹೆಂಡತಿ ಮಾತಾಡುತ್ತಿದ್ದರೆ ‘ಎಂದ’, ‘ಎಂದಳು’ ಸಾಕು, ಹೆಸರೇ ಬೇಡ. ಅತ್ತೆ ಸೊಸೆ ಆದರೂ ಅತ್ತೆಗೆ ‘ಎಂದರು’ ಬರುತ್ತದೆ, ಗೊಂದಲವಿಲ್ಲ. ನಿನಗೆ ಸಿಕ್ಕಿರುವುದು ಅಕ್ಕ ತಂಗಿ. ಇಬ್ಬರಿಗೂ ‘ಎಂದಳು’. ಕೊನೆಯ ಸಾಲಿನಲ್ಲಿ ‘ಉಸುರಿದಳು’ ಅಂದರೆ ಯಾರು? ಗೊತ್ತಾಗಲು ನಾನು ಹಿಂದಕ್ಕೆ ಹೋಗಿ ಒಂದೊಂದೇ ಸಾಲು ಎಣಿಸಬೇಕಾಯಿತು. ಓದುವವರು ಎಣಿಸತೊಡಗಿದರೆ ಕಥೆ ಬಿಟ್ಟು ಹೊರಗೆ ಬಂದರು ಅಂತಲೇ ಲೆಕ್ಕ.

ಆ ಭಯಕ್ಕೇ ನೀನು ಸಾಲು ಸಾಲಿಗೂ ಒಂದು ಕ್ರಿಯಾಪದ ಅಂಟಿಸಿದ್ದೀಯ. ತಿಳಿಸಿದಳು, ಪ್ರಶ್ನಿಸಿದಳು, ಉತ್ತರಿಸಿದಳು. ಪ್ರಶ್ನೆ ಚಿಹ್ನೆ ಕಣ್ಣೆದುರೇ ಇರುವಾಗ ‘ಪ್ರಶ್ನಿಸಿದಳು’ ಯಾಕೆ? ‘ಎಂದಳು’ ಅನ್ನುವುದನ್ನು ಕಣ್ಣು ಗಮನಿಸದೇ ದಾಟಿಹೋಗುತ್ತದೆ, ಅದೇ ಅದರ ಗುಣ. ‘ಉಸುರಿದಳು’, ‘ಗುಡುಗಿದಳು’ ಅಂತ ಬರೆದರೆ ಕಣ್ಣು ಮಾತಿನ ಮೇಲಿಂದ ಜಾರಿ ಅದರ ಮೇಲೆ ಕೂರುತ್ತದೆ. ನಿಜವಾಗಿ ಪಿಸುಗುಟ್ಟಿದ್ದರೆ, ಅದು ಪಕ್ಕದ ಕೋಣೆಯವರಿಗೆ ಕೇಳಬಾರದು ಅಂತಿದ್ದರೆ, ಆಗ ಬರೆ. ‘ನೋವಿನಿಂದ’ ಮಾತ್ರ ಬೇಡವೇ ಬೇಡ. ಆ ನೋವು ಪ್ರಶ್ನೆಯೊಳಗೇ ಇದೆ.

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದಿಲ್ಲ. ಕಸ್ತೂರಿ ತಲೆ ತಗ್ಗಿಸಿದ್ದನ್ನು ಶಾಂತಾಳ ಮಾತಿನ ಬೆನ್ನಿಗೇ, ಅದೇ ಪ್ಯಾರಾದಲ್ಲಿ ಇಟ್ಟಿದ್ದೀಯ. ಒಂದು ಪ್ಯಾರಾದಲ್ಲಿ ಮಾತು ಯಾರದೋ ಕೆಲಸವೂ ಅವರದೇ ಅಂತ ಓದುಗರು ನಂಬಿಕೊಂಡಿರುತ್ತಾರೆ. ಕೇಳಿಸಿಕೊಂಡವಳು ಏನಾದರೂ ಮಾಡಿದರೆ ಅವಳಿಗೆ ಹೊಸ ಸಾಲು ಕೊಡು. ಇಷ್ಟು ಮಾಡಿದರೆ ಅರ್ಧಕ್ಕರ್ಧ ‘ಎಂದಳು’ಗಳು ತಾವಾಗಿಯೇ ಉದುರುತ್ತವೆ. ಆ ಸಣ್ಣ ಕೆಲಸವೇ ಮುಂದಿನ ಮಾತು ಯಾರದು ಅಂತ ಹೇಳಿಬಿಡುತ್ತದೆ.

ಈಗ ಮೌನ. ‘ಗಾಢ ಮೌನ ಆವರಿಸಿತು’ ಅಂದಾಗ ಮೌನ ಇತ್ತು ಅಂತ ತಿಳಿಯಿತು, ಅಷ್ಟೇ. ಯಾರು ಸುಮ್ಮನಾದರು, ಯಾವ ಮಾತಿಗೆ, ಎಷ್ಟು ಹೊತ್ತು? ಮೌನಕ್ಕೆ ಅರ್ಥ ಬರಬೇಕಾದರೆ ಅದಕ್ಕೆ ಮುಂಚೆ ಉತ್ತರ ಬೇಡುವ ಒಂದು ಮಾತು ಇರಬೇಕು. ನಿನ್ನ ಪುಟದಲ್ಲಿ ಅಂಥ ಪ್ರಶ್ನೆ ಒಂದೇ: ‘ನೀ ಮಾಡಿದೇನು?’ ನೀನು ಮೌನವನ್ನು ಅದಕ್ಕಿಂತ ಮುಂಚೆಯೇ ಖರ್ಚು ಮಾಡಿಬಿಟ್ಟಿದ್ದೀಯ. ನಾನು ಹೀಗೆ ಬರೆದು ನೋಡಿದೆ:

ಶಾಂತಾ ಮೊರ ಕೈಗೆತ್ತಿಕೊಂಡಳು. “ಅಣ್ಣ ಕಾಗದ ಕಳಿಸ್ಯಾನ.”
“ಯಾವ ಕಾಗದ?”
“ಹೊಲದ್ದು. ನಮ್ಮಿಬ್ಬರ ಸಹಿ ಬೇಕಂತ.”
ಕಸ್ತೂರಿ ತಾಟಿನಿಂದ ಒಂದು ಹಳ್ಳು ಆರಿಸಿ ಪಕ್ಕಕ್ಕಿಟ್ಟಳು. ಇನ್ನೊಂದು ಆರಿಸಿದಳು. ಅದು ಹಳ್ಳಲ್ಲ, ಬೇಳೆ.
“ನೀ ಮಾಡಿದೇನು?”
ಶಾಂತಾ ಕೇರುತ್ತಲೇ ಇದ್ದಳು.
“ಅಕ್ಕಾ.”
“ಚಹಾ ಇಡ್ತೀನಿ ತಡಿ,” ಎಂದು ಶಾಂತಾ ಎದ್ದಳು.

ನೋಡು, ‘ಎಂದು’ ಒಂದೇ ಸಲ ಬಂದಿದೆ. ಆದರೂ ಯಾರ ಮಾತು ಅಂತ ಎಲ್ಲೂ ಅನುಮಾನ ಬರುವುದಿಲ್ಲ. ಮೊದಲ ಸಾಲಿನಲ್ಲಿ ಶಾಂತಾ ಇದ್ದಾಳೆ, ಆಮೇಲೆ ಎರಡು ಸಾಲು ತಾವೇ ನಡೆಯುತ್ತವೆ, ಅಷ್ಟರಲ್ಲಿ ಕಸ್ತೂರಿಯ ಕೈ ಬಂತು. ಹೆಸರಿಲ್ಲದೆ ಮೂರು ನಾಲ್ಕು ಸಾಲು ಓಡಬಹುದು. ಅದಕ್ಕಿಂತ ಜಾಸ್ತಿ ಆದರೆ ಇಬ್ಬರು ಹೆಂಗಸರ ಮಾತು ಕಲಸಿಹೋಗುತ್ತದೆ. ‘ಅಕ್ಕಾ’ ಅನ್ನುವ ಕರೆಯೂ ಇಲ್ಲಿ ಗುರುತಿನ ಕೆಲಸ ಮಾಡುತ್ತಿದೆ. ಆದರೆ ಅದನ್ನು ಸಾಲಿಗೊಮ್ಮೆ ಹಾಕಬೇಡ. ಒಂದೇ ಸಲ ಬಂದದ್ದಕ್ಕೇ ಅದಕ್ಕೆ ಬೆಲೆ. ಈಗ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ, ಇನ್ನೂ ಕಾಯುತ್ತಿದ್ದೇನೆ ಅಂತ ಅದು ಹೇಳುತ್ತದೆ. ಶಾಂತಾ ಆಗಲೇ ಸಹಿ ಹಾಕಿದ್ದಾಳೆ ಅಂತ ನಾನು ಎಲ್ಲೂ ಬರೆದಿಲ್ಲ. ನಿನಗೆ ಗೊತ್ತಾಯಿತು, ಅಲ್ವಾ? ನಮ್ಮ ಕಡೆಯವರು ‘ಇಲ್ಲ’ ಅನ್ನಲಾರದೆ ಚಹಾ ಇಡಲು ಏಳುವುದು ಹೊಸದೇನಲ್ಲ. ಅದೂ ಒಂದು ಬಗೆಯ ಮೌನವೇ.

ಬೇಳೆ, ಹಳ್ಳು, ಮೊರ ಇವು ಆ ಜಾಗದಲ್ಲೇ ಇದ್ದವು, ನಾನು ಹೊರಗಿನಿಂದ ತರಲಿಲ್ಲ. ನೀನು ಬಳಸಿದ ತಲೆ ತಗ್ಗಿಸುವುದು, ಬೇರೆ ಪುಟಗಳಲ್ಲಿ ಬಂದ ನಿಟ್ಟುಸಿರು, ಸೆರಗು ಸರಿಮಾಡಿಕೊಳ್ಳುವುದು, ಇವನ್ನು ಎತ್ತಿ ಯಾವ ಕಥೆಯಲ್ಲಿ ಇಟ್ಟರೂ ಕೂರುತ್ತವೆ. ಹಾಗೆ ಎಲ್ಲಿ ಬೇಕಾದರೂ ಕೂರುವಂಥದ್ದು ಇಲ್ಲಿ ಬೇಡ. ಒಳ್ಳೆಯ ಬೇಳೆಯನ್ನು ಹಳ್ಳಿನ ಜೊತೆ ಎಸೆಯುವ ಕೈ ಈ ಕಥೆಯದ್ದು ಮಾತ್ರ. ಮೌನ ಎಷ್ಟು ಉದ್ದ ಅನ್ನುವುದೂ ಇದರಿಂದಲೇ ತೀರ್ಮಾನವಾಗುತ್ತದೆ. ಓದುವವರು ಆ ವಾಕ್ಯಗಳನ್ನು ಓದಲು ತೆಗೆದುಕೊಂಡ ಹೊತ್ತೇ ಮೌನದ ಹೊತ್ತು. ಕಸ್ತೂರಿಗೆ ಮೂರು ವಾಕ್ಯ ಕೊಟ್ಟೆ, ಶಾಂತಾಳಿಗೆ ಒಂದೇ. ಸಾಲುಗಟ್ಟಲೆ ಚುಕ್ಕಿ ಇಟ್ಟರೆ ಈ ಕೆಲಸ ಆಗುವುದಿಲ್ಲ.

‘ಎನ್ನುತ್ತಾ’ದ ಮೇಲೆ ನಿನಗೆ ಬಹಳ ಪ್ರೀತಿ. ಸ್ವಲ್ಪ ಎಚ್ಚರ. “ಸಹಿ ಮಾಡಂಗಿಲ್ಲ,” ಎನ್ನುತ್ತಾ ಎದ್ದಳು ಅಂದರೆ ಮಾತು, ಏಳುವುದು ಎರಡೂ ಒಟ್ಟಿಗೇ ಆದವು, ನಡುವೆ ಸಂದಿಯೇ ಇಲ್ಲ. ‘ಎಂದು ಎದ್ದಳು’ ಅಂದರೆ ಒಂದರ ಹಿಂದೆ ಒಂದು. “ಸಹಿ ಮಾಡಂಗಿಲ್ಲ.” ಕಸ್ತೂರಿ ಎದ್ದಳು. ಹೀಗೆ ಬರೆದರೆ ಪೂರ್ಣವಿರಾಮದ ಹತ್ತಿರ ಒಂದು ಉಸಿರು ನಿಲ್ಲುತ್ತದೆ. ತಿರುಗಿಸಿ, ಕಸ್ತೂರಿ ಎದ್ದಳು. “ಸಹಿ ಮಾಡಂಗಿಲ್ಲ.” ಅಂದರೆ ಅವಳು ಮೊದಲೇ ನಿರ್ಧಾರ ಮಾಡಿದ್ದಳು ಅನಿಸುತ್ತದೆ. ಯಾವುದು ಬೇಕು ಅಂತ ನೀನೇ ಆರಿಸು. ಅಡುಗೆಮನೆಯ ಜಗಳದ ಭಾಗದಲ್ಲಿ ಮಾತ್ರ ನಿಲುಗಡೆಯೇ ಬೇಡ. ಅಲ್ಲಿ ಮಾತಿಗೆ ಮಾತು ತಾಗಲಿ. ಇಡೀ ಕಥೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದರೆ ಯಾರ ಮೌನವೂ ಕೇಳಿಸುವುದಿಲ್ಲ.

ಆಮೇಲೆ ಅಣ್ಣ ಜೇವರ್ಗಿಯಿಂದ ಬಂದು ಮಾತಾಡುವ ಪುಟ. ಹತ್ತು ಸಾಲು ಒಂದೇ ಉಸಿರಿಗೆ ಹೇಳುತ್ತಾನೆ, ಕೊನೆಗೆ ‘ಎಂದ ಅಣ್ಣ’ ಬರುತ್ತದೆ. ಅಲ್ಲಿಯವರೆಗೆ ನಾನು ಅದು ಭಾವನ ಮಾತು ಅಂದುಕೊಂಡಿದ್ದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇದು ಸುಲಭವಾಗಿ ಆಗಿಬಿಡುತ್ತದೆ. ಮೊದಲ ಸಣ್ಣ ವಾಕ್ಯ ಮುಗಿದ ಕೂಡಲೇ ಅವನನ್ನು ತೋರಿಸು: “ನನಗೇನು ಆಸೆ ಅದ ಅಂತ ತಿಳಿಬ್ಯಾಡ್ರಿ.” ಅಣ್ಣ ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತ. ಆಮೇಲೆ ಉಳಿದದ್ದೆಲ್ಲ ಹೇಳಲಿ. ಆ ಪುಟ ತಿದ್ದಿದ ಮೇಲೆ ಅಪ್ಪನ ಕೈಲಿ ಗಟ್ಟಿಯಾಗಿ ಓದಿಸುತ್ತೇನೆ, ಕಳಿಸು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ನಿನ್ನ
ಅವ್ವ