ಚಾವಣಿಯ ಹೊರಗೆ ನಿಂತ ಹುಡುಗ

ಮಂಡ್ಯ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಮೈಸೂರಿನಿಂದ ಕಳುಹಿಸಿದ ಬಸ್ ನಿಲ್ದಾಣದ ಚಿತ್ರವನ್ನೂ ಅದನ್ನು ನೋಡಿ ಬರೆದ ಕಥೆಯನ್ನೂ ಓದಿದೆ. ಚಿತ್ರ ಬಹಳ ಹೊತ್ತು ನನ್ನನ್ನು ಹಿಡಿದಿಟ್ಟಿತು. ಕಥೆಗೆ ಆ ಹಿಡಿತ ಇನ್ನೂ ಬಂದಿಲ್ಲ.

ನಿನ್ನ ಕಥೆಯ ಹುಡುಗಿ ಬಸ್ಸಿಗೆ ದುಡ್ಡಿಲ್ಲವೆಂದು ಅಳುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿಯೇ ಓಡಾಡುತ್ತಿದ್ದಾರೆ. ದಿನವೂ ಶೂನ್ಯ ಟಿಕೆಟ್ ಪಡೆದು ಶಾಲೆಗೆ ಹೋಗುವ ಹದಿನಾಲ್ಕರ ಓದುಗ ಹುಡುಗಿ ಆ ಸಾಲಿನಲ್ಲೇ ನಿನ್ನನ್ನು ನಂಬುವುದನ್ನು ಬಿಡುತ್ತಾಳೆ. ಅವಳ ವಯಸ್ಸಿನವರಿಗೆ ಬರೆಯುವಾಗ ಅವಳ ದಿನಚರಿಯನ್ನು ತಪ್ಪಾಗಿ ಹೇಳಬಾರದು.

ಚಿತ್ರವನ್ನೇ ಮತ್ತೆ ನೋಡು. ಚಾವಣಿಯ ಕೆಳಗೆ ಬೆಂಚಿನ ಮೇಲೆ ಒಬ್ಬ ಹುಡುಗ ಕುಳಿತಿದ್ದಾನೆ, ಪಕ್ಕದಲ್ಲಿ ಜಾಗವಿದೆ. ಅದೇ ಸಮವಸ್ತ್ರದ ಇನ್ನೊಬ್ಬ ಹೊರಗೆ ಮಳೆಯಲ್ಲಿ ನೆನೆಯುತ್ತಿದ್ದಾನೆ. ಜಾಗವಿದ್ದೂ ಏಕೆ ಒಳಗೆ ಬರುತ್ತಿಲ್ಲ? ನೀನು ಮೋಡವನ್ನೂ ರಸ್ತೆಯ ನೀರಿನಲ್ಲಿ ಹೊಳೆಯುವ ದೀಪವನ್ನೂ ಒಂದು ಪುಟ ವರ್ಣಿಸಿದ್ದೀಯೆ, ಅವನನ್ನು ಮುಟ್ಟಿಯೇ ಇಲ್ಲ. ಮಳೆ ಚಿತ್ರದಲ್ಲಿದೆ, ಎರಡು ಸಾಲು ಸಾಕು. ಚಿತ್ರದಲ್ಲಿ ಕಾಣದಿರುವುದು ಇವರಿಬ್ಬರ ನಿನ್ನೆ. ಕಥೆ ಅಲ್ಲಿದೆ.

ನಾನಾದರೆ ಹೀಗೆ ಕಟ್ಟುತ್ತಿದ್ದೆ. ಇಬ್ಬರೂ ಒಂದೇ ಊರಿನವರು, ದಿನವೂ ಒಂದೇ ಸೀಟಿನಲ್ಲಿ ಬರುವವರು. ನಿನ್ನೆ ಕುಳಿತವನ ಅಪ್ಪ ಮಾಸಿದ ಅಂಗಿಯಲ್ಲಿ ಶಾಲೆಗೆ ಬಂದಾಗ ತರಗತಿ ನಕ್ಕಿತು, ನಿಂತವನೂ ನಕ್ಕ. ಇಂದು ಪಕ್ಕದಲ್ಲಿ ಕೂರಲು ಅವನಿಗೆ ಮುಖವಿಲ್ಲ. ಬೀದಿದೀಪ ಹತ್ತಿದೆ, ಆಕಾಶದಲ್ಲಿ ಇನ್ನೂ ನೀಲಿ ಉಳಿದಿದೆ. ನಮ್ಮ ಕಡೆ ಈ ಬೆಳಕು ಇರುವುದು ಸುಮಾರು 20 ನಿಮಿಷ. ಕಥೆಯೂ ಅಷ್ಟೇ ಹೊತ್ತಿನಲ್ಲಿ ಮುಗಿಯಲಿ. ಊರಿಗೆ ಹೋಗುವ ಕೊನೆಯ ಬಸ್ ಬರುತ್ತದೆ. ನಿಂತವನು ಕೈ ಅಡ್ಡ ಹಿಡಿದು ನಿಲ್ಲಿಸುತ್ತಾನೆ. ಕುಳಿತವನು ಏಳುವುದಿಲ್ಲ. ಇವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೆಯೇ ನಿಲ್ಲುತ್ತಾನೆ. ಕಂಡಕ್ಟರ್ ಗದರಿದರೂ ಹತ್ತುವುದಿಲ್ಲ, ಇಳಿಯುವುದೂ ಇಲ್ಲ. ಕ್ಷಮಿಸು ಎಂಬ ಮಾತನ್ನು ಅವನ ಬಾಯಲ್ಲಿ ಹಾಕಬೇಡ. ಆ ವಯಸ್ಸಿನ ಹುಡುಗರು ಅದನ್ನು ಬಾಯಿಬಿಟ್ಟು ಹೇಳುವುದು ಅಪರೂಪ, ಮೆಟ್ಟಿಲ ಮೇಲಿನ ಕಾಲೇ ಅದನ್ನು ಹೇಳುತ್ತದೆ.

ನಿನ್ನ ಕಥೆಯ ಕೊನೆಯಲ್ಲಿ ಕೊಡೆ ಹಿಡಿದು ಬಂದು ಬುದ್ಧಿ ಹೇಳುವ ಅಜ್ಜನನ್ನು ಪೂರ್ತಿ ತೆಗೆದುಬಿಡು. ಅವನು ಬಾಯಿ ತೆರೆದೊಡನೆ ಮಕ್ಕಳು ಪುಟ ಮಗುಚುತ್ತಾರೆ. ಕುಳಿತವನು ಎದ್ದನೋ ಇಲ್ಲವೋ ಎಂಬುದನ್ನು ಮಾತ್ರ ಖಂಡಿತ ಬರೆ. ಅದನ್ನು ಓದುಗರಿಗೆ ಬಿಟ್ಟೆ ಎನ್ನಬೇಡ, ಅಷ್ಟು ಹೊತ್ತು ಕಾಯಿಸಿ ಉತ್ತರ ಕೊಡದಿದ್ದರೆ ಅವರಿಗೆ ಕೋಪ ಬರುವುದು ನ್ಯಾಯ.

ತಿದ್ದಿದ್ದನ್ನು ದೀಪಾವಳಿಗೆ ಬರುವಾಗ ತೆಗೆದುಕೊಂಡು ಬಾ. ನಿನ್ನ ತಮ್ಮನಿಗೆ ಮೊದಲು ಓದಿಸೋಣ, ಅವನು ಎಲ್ಲಿ ಆಕಳಿಸುತ್ತಾನೋ ಅಲ್ಲಿ ಗುರುತು ಹಾಕುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ